ಪೇಪರ್ ಗುರುತು ನೋಡಿ ಎರಡು ಸಲ ತಿಕ್ಕಿದೆ, ಕ್ಯಾಪ್ ಇನ್ನೂ ಎತ್ತರ ಅಂತಾರೆ

ಭಾಲ್ಕಿ ಕ್ಲಿನಿಕ್: ಎಡಗಡೆ ಕೆಳಗಿನ ಮೊದಲ ದವಡೆಹಲ್ಲಿಗೆ ಜಿರ್ಕೋನಿಯಾ ಕ್ಯಾಪ್. ಇನ್ನೂ ಸಿಮೆಂಟ್ ಹಾಕಿಲ್ಲ. 200 ಮೈಕ್ರಾನ್ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಕಚ್ಚಿಸಿದರೆ ಕ್ಯಾಪ್ ತುಂಬಾ ನೀಲಿ. ದೊಡ್ಡ ಗುರುತನ್ನೇ ಎರಡು ಸಲ ತಿಕ್ಕಿದೆ. ಆದರೂ ಅಜ್ಜಿ "ಇದೇ ಮೊದಲು ತಾಗ್ತದ" ಅಂತಾರೆ. ಇನ್ನೂ ತಿಕ್ಕಿದರೆ ಕ್ಯಾಪ್ ತೆಳುವಾಗುತ್ತೆ ಅಂತ ಭಯ.

ಕಲಬುರಗಿ ಲ್ಯಾಬ್: ಮೇಡಂ, ಹಲ್ಲು ಚೆನ್ನಾಗಿ ಒಣಗಿಸಿ. ಜೊಲ್ಲು ಇದ್ದರೆ ಬಣ್ಣ ಹತ್ತಲ್ಲ. ಪಾಲಿಶ್ ಆದ ಜಿರ್ಕೋನಿಯಾ ಆದರೆ ಪೇಪರ್‌ಗೆ ಚೂರು ವ್ಯಾಸಲೀನ್ ಸವರಿ. ಆಮೇಲೆ ಎಲ್ಲಿ ಗುರುತು ದೊಡ್ಡದೋ ಅಲ್ಲೇ ತಿಕ್ಕಿ.

ಬೀದರ್ ಹಳಬ: ಒಣಗಿಸೋದು ಸರಿ, ಕೊನೆಯ ಮಾತು ಒಪ್ಪಲ್ಲ. ಗುರುತು ದೊಡ್ಡದಾದರೆ ಒತ್ತಡ ಜಾಸ್ತಿ ಅಂತಲ್ಲ. ದಪ್ಪ ಪೇಪರ್ ತಾಗದ ಜಾಗಕ್ಕೂ ಬಣ್ಣ ಬಳಿಯುತ್ತೆ. 40 ಮೈಕ್ರಾನ್ ತಗೊಂಡು ಉಂಗುರ ಹುಡುಕಿ: ಸುತ್ತ ಬಣ್ಣ, ನಡುವೆ ಖಾಲಿ. ಅಲ್ಲಿ ಒತ್ತಿ ಒತ್ತಿ ಬಣ್ಣ ಪಕ್ಕಕ್ಕೆ ಸರಿದಿರುತ್ತೆ. ಎತ್ತರ ಸಾಮಾನ್ಯವಾಗಿ ಅದೇ.

ಅದಕ್ಕೂ ಮೊದಲು ಫ್ಲಾಸ್ ಹಾಕಿದಿರಾ? ಪಕ್ಕದ ಹಲ್ಲಿಗೆ ಬಿಗಿಯಾಗಿದ್ದರೆ ಕ್ಯಾಪ್ ಪೂರ್ತಿ ಕೂತಿರಲ್ಲ. ಆಗ ಮೇಲೆ ಎಷ್ಟು ತಿಕ್ಕಿದರೂ ವ್ಯರ್ಥ. ಆಮೇಲೆ 8 ಮೈಕ್ರಾನ್ ಶಿಮ್ ಫಾಯಿಲ್ ಕಚ್ಚಿಸಿ ಎಳೆದು ನೋಡಿ. ಕ್ಯಾಪ್ ಇಲ್ಲದೆ ಪಕ್ಕದ ಹಲ್ಲು ಅದನ್ನು ಹಿಡಿದು, ಕ್ಯಾಪ್ ಇಟ್ಟಾಗ ಬಿಟ್ಟರೆ ಅಜ್ಜಿ ಹೇಳಿದ್ದು ನಿಜ.

ಯಾದಗಿರಿ ಓದುಗ: ಡಾಕ್ಟ್ರೇ, ನನಗೂ ಹೋದ ವಾರ ಫಿಲ್ಲಿಂಗ್ ಆಗಿದೆ. ಕಚ್ಚಿದರೆ ನೋವು. ಅಂಗಡಿಯ ಕಾರ್ಬನ್ ಪೇಪರ್ ಕಚ್ಚಿ ಮನೇಲೇ ನೋಡಬಹುದಾ?

ಬೀದರ್ ಹಳಬ: ಬೇಡ ತಮ್ಮಾ. ಗುರುತು ಕಂಡರೂ ಮನೇಲಿ ತಿಕ್ಕೋಕಾಗಲ್ಲ ಅಲ್ವಾ? ಮಾಡಿದವರ ಹತ್ತಿರವೇ ಹೋಗಿ. ಅವತ್ತು ಬಾಯಿ ಮರಗಟ್ಟಿತ್ತು, ಹಾಗಾಗಿ ಸರಿಯಾಗಿ ಕಚ್ಚಿರಲಿಕ್ಕಿಲ್ಲ.

ಭಾಲ್ಕಿ ಕ್ಲಿನಿಕ್: ಸರ್, ಹಿಂದಿನ ಹಲ್ಲಿನ ಕಡೆ ಫ್ಲಾಸ್ ಒಳಗೇ ಹೋಗಲಿಲ್ಲ! ಆ ಬದಿಯನ್ನು ಸ್ವಲ್ಪ ಸ್ವಲ್ಪವೇ ತಿಕ್ಕಿದ ಮೇಲೆ ಕ್ಯಾಪ್ ಕೆಳಗಿಳಿಯಿತು. ಅಂಚಿನಲ್ಲಿದ್ದ ಸಂದಿ ಹೋಯಿತು. ಈಗ 40 ಮೈಕ್ರಾನ್‌ನಲ್ಲಿ ಒಂದೇ ಉಂಗುರ, ಕೆನ್ನೆ ಕಡೆಯ ಇಳಿಜಾರಿನಲ್ಲಿ, ಸಾಸಿವೆ ಕಾಳಿನಷ್ಟು. ನಯವಾದ ಡೈಮಂಡ್ ಬರ್, ನೀರು ಹಾಕಿ, ಹಗುರವಾಗಿ ಮೂರು ಸಲ. ಪ್ರತಿ ಸಲವೂ ಬಣ್ಣ ಒರೆಸಿ ಮತ್ತೆ ಕಚ್ಚಿಸಿದೆ. ಪಕ್ಕದ ಹಲ್ಲು ಫಾಯಿಲ್ ಹಿಡಿಯಿತು. ಮೊದಲು ತಿಕ್ಕಿದ್ದು ಸುಮ್ನೆ ಹಾಳಾಯಿತಲ್ಲ ಅಂತ ಬೇಜಾರು. ಆ ಜಾಗದ ದಪ್ಪ ಅಳೆದೆ, 1 ಮಿಲಿಮೀಟರ್ ಉಳಿದಿದೆ.

ಆದರೆ ಕಡಕ್ ರೊಟ್ಟಿ ಅಗಿದ ಹಾಗೆ ದವಡೆ ಪಕ್ಕಕ್ಕೆ ಆಡಿಸಿದರೆ ಏನೋ ತಡೀತದ ಅಂತಾರೆ.

ಬೀದರ್ ಹಳಬ: ಅದಕ್ಕೆ ಎರಡು ಬಣ್ಣ. ಮೊದಲು ಕೆಂಪು ಇಟ್ಟು ಪಕ್ಕಕ್ಕೆ ಜಾರಿಸಿ. ಆಮೇಲೆ ನೀಲಿ ಇಟ್ಟು ನೇರ ಕಚ್ಚಿಸಿ. ನೀಲಿ ಮುಟ್ಟಬೇಡಿ, ಕೆಂಪು ಗೆರೆ ಮಾತ್ರ ತೆಗೆಯಿರಿ. ತಿಕ್ಕಿದ ಜಾಗ ಪಾಲಿಶ್ ಮಾಡಲೇಬೇಕು, ಇಲ್ಲದಿದ್ದರೆ ಎದುರು ಹಲ್ಲು ಸವೆಯುತ್ತೆ.

ಕಲಬುರಗಿ ಲ್ಯಾಬ್: ಕುರ್ಚಿಯಲ್ಲಿ ಮಲಗಿಸಿ ಕಚ್ಚಿಸಿದಿರಾ, ಕೂರಿಸಿಯಾ? ನಾನು ಕೂರಿಸಿ ಅಂತೀನಿ.

ಭಾಲ್ಕಿ ಕ್ಲಿನಿಕ್: ಮಲಗಿಸಿ. ಗುರುವಾರ ಅಜ್ಜಿ ಮತ್ತೆ ಬರ್ತಾರೆ, ಎರಡೂ ರೀತಿ ನೋಡಿ ಬರೀತೀನಿ.