ಸಹಾಯ ಬೇಕು: 40 ಮೀಟರ್ ಡೈಪೋಲ್‌ಗೆ ಒಂದು ಚೋಕ್ ಸಾಕಾ?

ಎಲ್ಲರಿಗೂ ನಮಸ್ಕಾರ. 7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಕಟ್ಟಿದ್ದೇನೆ. ಒಂದೊಂದು ಕಡೆ ಸುಮಾರು 10 ಮೀಟರ್ ತಂತಿ. ಮಧ್ಯಕ್ಕೆ ಆರ್‌ಜಿ-58 ಕೋಆಕ್ಸ್ ನೇರವಾಗಿ ಜೋಡಿಸಿದೆ, ಬ್ಯಾಲನ್ ಇಲ್ಲ. ಕೇಬಲ್ ಮೇಲೆ ಕೈ ಆಡಿಸಿದರೆ ಎಸ್‌ಡಬ್ಲ್ಯೂಆರ್ ಬದಲಾಗುತ್ತದೆ. ಟ್ರಾನ್ಸ್‌ಮಿಟ್ ಮಾಡುವಾಗ ಮೈಕ್‌ನ ಲೋಹ ತಾಗಿದರೆ ಚುರುಕ್ ಅನ್ನುತ್ತದೆ.

ನನಗೆ ತಿಳಿದಂತೆ ಕಾರಣ ಇದು. ಆರ್‌ಎಫ್ ಕರೆಂಟ್ ಲೋಹದ ಮೇಲ್ಪದರದಲ್ಲೇ ಹರಿಯುತ್ತದೆ. ಹಾಗಾಗಿ ಶೀಲ್ಡ್‌ನ ಒಳಮೈ, ಹೊರಮೈ ಎರಡು ಬೇರೆ ತಂತಿಗಳ ಹಾಗೆ. ಒಳಮೈಯ ಕರೆಂಟ್ ನಡುತಂತಿಯದಕ್ಕೆ ಸಮ ಮತ್ತು ವಿರುದ್ಧ. ಆದರೆ ಅದು ಮೇಲಿನ ತುದಿ ತಲುಪಿದಾಗ ಎರಡು ದಾರಿ ಸಿಗುತ್ತವೆ: ಒಂದು ಡೈಪೋಲ್‌ನ ತೋಳು, ಇನ್ನೊಂದು ಶೀಲ್ಡ್‌ನ ಹೊರಮೈ. ಹೊರಗೆ ಎಷ್ಟು ಹೋಗುತ್ತದೆ ಅನ್ನುವುದು ಆ ದಾರಿಯ ಇಂಪಿಡೆನ್ಸ್ ಮೇಲೆ ನಿಂತಿದೆ.

ನನ್ನಲ್ಲಿ ಮೇಲಿನಿಂದ ಅರ್ಥ್‌ವರೆಗೆ ಸುಮಾರು 20 ಮೀಟರ್. ಹೊರಮೈಗೆ ಕೇಬಲ್‌ನ 0.66 ವೆಲಾಸಿಟಿ ಫ್ಯಾಕ್ಟರ್ ಲೆಕ್ಕಕ್ಕಿಲ್ಲ, ಅಲ್ವಾ? ಹಾಗಾದರೆ ಅದು ಹೆಚ್ಚುಕಡಿಮೆ ಅರ್ಧ ತರಂಗ. ಕೆಳಗಿನ ಅರ್ಥ್‌ನ ಕಡಿಮೆ ಇಂಪಿಡೆನ್ಸ್ ಮೇಲಿನ ತುದಿಯಲ್ಲೂ ಹಾಗೇ ಕಾಣುತ್ತದೆ. ಇದಕ್ಕಿಂತ ಕೆಟ್ಟ ಉದ್ದ ಇಲ್ಲ! 10 ಮೀಟರ್ ಆಗಿದ್ದರೆ ಕಾಲು ತರಂಗ, ಅದೇ ಇಂಪಿಡೆನ್ಸ್ ಜಾಸ್ತಿ ಇರುತ್ತಿತ್ತು.

31 ಮಿಕ್ಸ್‌ನ 2.4 ಇಂಚಿನ ಫೆರೈಟ್ ರಿಂಗ್ ಮೇಲೆ ಇದೇ ಕೋಆಕ್ಸ್ ಸುತ್ತಿ, ಮೇಲೆ 1:1 ಚೋಕ್ ಹಾಕಬೇಕು ಅಂದುಕೊಂಡಿದ್ದೇನೆ. ಕೆಲವು ಸಾವಿರ ಓಮ್ ಸಿಗಲು ಎಷ್ಟು ಸುತ್ತು ಬೇಕು? ಜಾಗವಿಲ್ಲದೆ ಕೇಬಲ್ ಒಂದು ತೋಳಿನ ಕೆಳಗೇ ಓರೆಯಾಗಿ ಇಳಿಯುತ್ತದೆ. ಆ ತೋಳು ಹೊರಮೈಯಲ್ಲಿ ಮತ್ತೆ ಕರೆಂಟ್ ಹುಟ್ಟಿಸಿದರೆ ಮೇಲಿನ ಚೋಕ್ ಒಂದೇ ತಡೆಯಲಾರದು ಅನ್ನಿಸುತ್ತದೆ. ರೇಡಿಯೋ ಹತ್ತಿರ ಇನ್ನೊಂದು ಬೇಕಾ? ಕಟ್ಟಿ ನೋಡಿದವರು ದಯವಿಟ್ಟು ತಿಳಿಸಿ.