ಸಹಾಯ ಬೇಕು: ಎರಡು ಸೈಟ್ ನಡುವಿನ ಖಾಲಿ ಹೊತ್ತನ್ನು ಹೇಗೆ ಲೆಕ್ಕ ಹಾಕುತ್ತೀರಿ?

ನಮಸ್ಕಾರ. ಫೀಲ್ಡ್ ಟೆಕ್ನಿಷಿಯನ್‌ಗಳ ಟೈಮ್‌ಶೀಟ್ ನೋಡುವುದು ನನ್ನ ಕೆಲಸ. ಒಂದು ಗ್ರಾಹಕರಿಂದ ನೇರವಾಗಿ ಇನ್ನೊಂದು ಗ್ರಾಹಕರ ಹತ್ತಿರ ಹೋದರೆ ಆ ಪ್ರಯಾಣ ಕೆಲಸದ ಸಮಯವೇ. ಅದರಲ್ಲಿ ನಮ್ಮಲ್ಲಿ ತಕರಾರಿಲ್ಲ. ತಲೆನೋವು ಇರುವುದು ನಡುವೆ ದೊಡ್ಡ ಅಂತರ ಬಿದ್ದಾಗ.

ಒಂದು ಉದಾಹರಣೆ ನೋಡಿ. ಮೊದಲ ಸೈಟ್ ಕೆಲಸ 10:30ಕ್ಕೆ ಮುಗಿಯಿತು. ಮುಂದಿನದು 2:00ಕ್ಕೆ. ನೇರ ದಾರಿ 40 ನಿಮಿಷ. ಟೆಕ್ನಿಷಿಯನ್ ನಡುವೆ ಮನೆಗೆ ಹೋಗಿ ಬಂದರು, ಓಡಾಟ ಒಟ್ಟು 70 ನಿಮಿಷ ಆಯಿತು. ಅವರು ಪೂರ್ತಿ ಮೂರೂವರೆ ಗಂಟೆ ಬರೆದಿದ್ದಾರೆ. ಅಕೌಂಟ್ಸ್‌ನವರು ಸೊನ್ನೆ ಅನ್ನುತ್ತಾರೆ!

ನನಗೆ ಎರಡೂ ಸರಿ ಕಾಣುತ್ತಿಲ್ಲ. ನೇರ ದಾರಿಯ 40 ನಿಮಿಷ ಹೇಗಿದ್ದರೂ ಕೊಡಬೇಕು, ಮನೆಗೆ ಸುತ್ತಿದ ಹೆಚ್ಚಿನ 30 ನಿಮಿಷ ಅವರದೇ ಅಲ್ವಾ? ಉಳಿದ ಹೊತ್ತು ನಿಜವಾಗಿ ಅವರ ಕೈಯಲ್ಲಿತ್ತಾ ಅನ್ನುವುದೇ ಮುಖ್ಯ. ಡಿಸ್ಪ್ಯಾಚರ್ ಮೊದಲೇ "2:00ರ ತನಕ ನೀವು ಫ್ರೀ" ಅಂದಿದ್ದರೆ ಅದು ಬಿಡುವು. ಆದರೆ ಅವತ್ತು ಹೇಳಿದ್ದು, "ಫೋನ್ ಆನ್ ಇರಲಿ, ಕರೆ ಬಂದರೆ 15 ನಿಮಿಷದಲ್ಲಿ ಹೊರಡಿ" ಅಂತ. ಹಾಗೆ ಕಟ್ಟಿಹಾಕಿದ ಮೇಲೆ ಅದು ಕಾಯುವ ಕೆಲಸ ಅನ್ನಿಸುತ್ತದೆ. ದಾರಿಯಲ್ಲಿ ಬಿಡಿಭಾಗ ತರಲು ಸ್ಟೋರ್‌ಗೆ ಹೋದದ್ದಂತೂ ಕೆಲಸವೇ.

ಜಿಪಿಎಸ್ ನೋಡಿದರೆ ಗಾಡಿ ಎಲ್ಲಿತ್ತು ಅಂತ ಮಾತ್ರ ಗೊತ್ತಾಗುತ್ತದೆ, ಏನು ಹೇಳಿದ್ದರು ಅಂತ ಅಲ್ಲ. "ಫ್ರೀ" ಮತ್ತು "ಸ್ಟ್ಯಾಂಡ್‌ಬೈ" ಅಂತ ಡಿಸ್ಪ್ಯಾಚ್‌ನಲ್ಲೇ ಬೇರೆ ಬೇರೆ ಗುರುತು ಹಾಕುವವರು ಇದ್ದೀರಾ? ಎಷ್ಟು ಹೊತ್ತಿಗಿಂತ ಕಡಿಮೆ ಅಂತರ ಇದ್ದರೆ ಸುಮ್ನೆ ಕೆಲಸ ಅಂತಲೇ ಹಿಡಿಯುತ್ತೀರಿ?