ಐದು ದಿನದ ಇಂಟರ್‌ನೆಟ್ ಕಡಿತ: ಸಂಸ್ಥೆಯಿಂದ ಬಂದ ಪತ್ರಕ್ಕೆ ನಮ್ಮ ಉತ್ತರ

ಕಾರ್ಯದರ್ಶಿ, ಮನೆ 12:
ಎಲ್ಲರಿಗೂ ನಮಸ್ಕಾರ. ಸಂಸ್ಥೆಯವರು ಗ್ರಾಹಕರಿಗೆ ಕಳುಹಿಸಿದ ಪತ್ರ ಇಷ್ಟೇ: "ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ಅಡಚಣೆಯಾಯಿತು. ವಿಷಾದಿಸುತ್ತೇವೆ." ಸೋಮವಾರ ಬೆಳಿಗ್ಗೆ 11ಕ್ಕೆ ಹೋದ ಸಂಪರ್ಕ ಶುಕ್ರವಾರ ಸಂಜೆ 6ಕ್ಕೆ ಬಂತು. ಪತ್ರವನ್ನು ತಿದ್ದಿ ಕೊಡುವುದಾಗಿ ನಮ್ಮ ಬಡಾವಣೆಯ ಕೇಬಲ್ ನೋಡಿಕೊಳ್ಳುವವರು ಒಪ್ಪಿದ್ದಾರೆ. ಅದರಲ್ಲಿ ಏನಿರಬೇಕು ಎಂದು ಇಂದೇ ತೀರ್ಮಾನಿಸೋಣ.

ಮನೆ 27:
ಕಾರಣ ಎಲ್ಲರಿಗೂ ಗೊತ್ತಲ್ಲ? ನೀರಿನ ಪೈಪಿಗಾಗಿ ಅಗೆದ ಜೆಸಿಬಿ ಕೇಬಲ್ ಕಿತ್ತಿತು. ತಪ್ಪು ಗುತ್ತಿಗೆದಾರನದು, ಹಣವೂ ಅವನಿಂದಲೇ ಬರಬೇಕು.

ಮನೆ 8, ನಿವೃತ್ತ ದೂರವಾಣಿ ನೌಕರ:
ಕೇಬಲ್ ತುಂಡಾಗಿದ್ದು ಜೆಸಿಬಿಯಿಂದ, ನಿಜ. ಆದರೆ ಅದನ್ನು ಮಂಗಳವಾರವೇ ಜೋಡಿಸಿದರು. ಆಮೇಲೂ ಇಂಟರ್‌ನೆಟ್ ಹೊತ್ತು ತರುವ ಬೆಳಕು ಕೇಬಲ್‌ನಲ್ಲಿ ಬರಲಿಲ್ಲ ಏಕೆ? ಜೆಸಿಬಿಯ ಬಕೆಟ್ ಕೇಬಲನ್ನು ಎಳೆದಾಗ ಕಣ್ಣಿಗೆ ಕಾಣುವ ತುಂಡಿನಿಂದ ಸುಮಾರು ಎಂಬತ್ತು ಮೀಟರ್ ಆಚೆ, ಹೊದಿಕೆಯೊಳಗೇ ಗಾಜಿನ ಎಳೆಗಳು ಮುರಿದಿದ್ದವು. ಹೊರಗಿನಿಂದ ಕೇಬಲ್ ನೆಟ್ಟಗೇ ಇತ್ತು. ಒಟಿಡಿಆರ್ ಯಂತ್ರ ಹಚ್ಚಿದರೆ ಬೆಳಕು ಎಷ್ಟು ದೂರದಲ್ಲಿ ನಿಂತಿದೆ ಎಂದು ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಆ ಯಂತ್ರ ಬಂದದ್ದು ಗುರುವಾರ. ಹಾಗಾಗಿ ಮೊದಲ ದಿನ ಗುತ್ತಿಗೆದಾರನ ಲೆಕ್ಕಕ್ಕೆ, ಉಳಿದದ್ದು ಸಂಸ್ಥೆಯ ಲೆಕ್ಕಕ್ಕೆ. ಪತ್ರ ಇವೆರಡನ್ನೂ ಬೇರೆ ಬೇರೆಯಾಗಿ ಹೇಳಬೇಕು. ಕೇಬಲ್ ಹುಡುಗರನ್ನು ಯಾರೂ ಬೈಯಬೇಡಿ, ಮಳೆಯಲ್ಲಿ ಕುಳಿತು ಜೋಡಿಸಿದವರು ಅವರೇ.

ಮನೆ 19:
ನಮ್ಮ ಮನೆಯಲ್ಲಿ ವಿದ್ಯುತ್ ಹೋಗಿ ಬಂದಾಗ ರೌಟರ್ ಸುಟ್ಟುಹೋಗಿದೆ. ಅದರ 1,800 ರೂಪಾಯಿಯನ್ನೂ ಪತ್ರದಲ್ಲಿ ಸೇರಿಸಿ.

ಕಾರ್ಯದರ್ಶಿ, ಮನೆ 12:
ಅದು ವಿದ್ಯುತ್ತಿನ ವಿಷಯ ಮೇಡಂ, ಪ್ರತ್ಯೇಕ ಅರ್ಜಿ ಬರೆದುಕೊಡಿ. ಇದರಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಮನೆ 27:
ಪರಿಹಾರದ ಲೆಕ್ಕ ಸುಲಭ. ತಿಂಗಳಿಗೆ 600, ಐದು ದಿನಕ್ಕೆ 100 ರೂಪಾಯಿ.

ಮನೆ 8:
ಇಲ್ಲ ಸರ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಮೆಟ್ಟಿಲುಗಳಿವೆ. ದೋಷ ಸರಿಪಡಿಸಲು ಮೂರು ದಿನ ಮೀರಿ ಏಳು ದಿನದವರೆಗೆ ಹಿಡಿದರೆ ಏಳು ದಿನದ ಬಾಡಿಗೆ ಬಿಡಬೇಕು, ಅಂದರೆ 140 ರೂಪಾಯಿ. ಏಳು ಮೀರಿ ಹದಿನೈದರವರೆಗೆ ಹೋದರೆ ಹದಿನೈದು ದಿನದ್ದು, 300. ಇದು ಅವರು ದಯೆಯಿಂದ ಕೊಡುವ ರಿಯಾಯಿತಿಯಲ್ಲ.

ಮನೆ 31:
ಹಾಗಾದರೆ ನಮ್ಮದು? ಶುಕ್ರವಾರ ಬಂದ ಸಂಪರ್ಕ ಶನಿವಾರದ ಮಳೆಗೆ ಮತ್ತೆ ಹೋಯಿತು, ಸರಿಯಾಗಿದ್ದು ನಿನ್ನೆ ಮಂಗಳವಾರ. ಹೊಂಗೆ ಮರಕ್ಕೆ ಕಟ್ಟಿದ್ದ, ಕೇಬಲ್ ಜೋಡಣೆಯ ಕಪ್ಪು ಪೆಟ್ಟಿಗೆಯನ್ನು ಹುಡುಗ ನನ್ನೆದುರೇ ಬಿಚ್ಚಿದ. ನಮ್ಮ ಎಳೆ ಉಗುರಿನಷ್ಟು ಸಣ್ಣ ಸುರುಳಿಯಾಗಿ ಮಡಚಿಕೊಂಡು ಮುಚ್ಚಳದ ಅಂಚಿಗೆ ಸಿಕ್ಕಿತ್ತು. ಅವನ ಮೀಟರಿನಲ್ಲಿ ಬೆಳಕಿನ ಮಟ್ಟ ಮೈನಸ್ 31 ಇದ್ದದ್ದು, ಎಳೆಯನ್ನು ಸಡಿಲ ಮಾಡಿದ ಮೇಲೆ ಮೈನಸ್ 22ಕ್ಕೆ ಬಂತು. ಮನೆಯ ಪೆಟ್ಟಿಗೆಯ ಕೆಂಪು ದೀಪ ಆಗಲೇ ಆರಿತು. ಮಗಳ ಪರೀಕ್ಷೆಯ ವಾರ ಅದು. ರಾತ್ರಿ ಒಂಬತ್ತಕ್ಕೆ ಅವಳು ಫೋನ್ ಹಿಡಿದು ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದನ್ನು ನಾನು ಮರೆಯುವುದಿಲ್ಲ.

ಮನೆ 8:
ಮೈನಸ್ 27ರ ಕೆಳಗಿಳಿದರೆ ಮನೆಯ ಪೆಟ್ಟಿಗೆ ಬೆಳಕನ್ನು ಹಿಡಿಯುವುದೇ ಕಷ್ಟ. ಜೋಡಿಸಿದ ದಿನವೇ ಪ್ರತಿ ಮನೆಯಲ್ಲೂ ಈ ಅಂಕಿ ನೋಡಿದ್ದರೆ ನಿಮ್ಮದು ಅಂದೇ ಸಿಗುತ್ತಿತ್ತು. ಸೋಮವಾರದ ನಿಮ್ಮ ದೂರನ್ನು ಅವರು ಮುಚ್ಚಿದ್ದಾರೆಯೇ?

ಮನೆ 31:
ಶುಕ್ರವಾರವೇ ಮುಚ್ಚಿದ್ದಾರೆ. ಶನಿವಾರ ಹೊಸ ಸಂಖ್ಯೆ ಕೊಟ್ಟರು.

ಕಾರ್ಯದರ್ಶಿ, ಮನೆ 12:
ಇದೇ ನನ್ನನ್ನು ಕಾಡುತ್ತಿರುವುದು. ದೂರನ್ನು ಎರಡು ತುಂಡು ಮಾಡಿದರೆ ಮನೆ 31ರವರಿಗೆ 300ರ ಬದಲು 140 ಬರುತ್ತದೆ. ದೂರನ್ನೇ ಕೊಡದ ಹಿರಿಯರಿಗೆ ಏನೂ ಬರುವುದಿಲ್ಲ. ಇಡೀ ಬೀದಿಯ ಕೇಬಲ್ ತುಂಡಾಗಿದ್ದು ಸಂಸ್ಥೆಗೆ ಗೊತ್ತೇ ಇತ್ತು. ಆದ್ದರಿಂದ ಸೋಮವಾರ 11 ಗಂಟೆಯೇ ಎಲ್ಲರಿಗೂ ಆರಂಭ ಎಂದು ಪತ್ರದಲ್ಲಿ ಬರೆಸಬೇಕು. ನಾನು ಬರೆದ ಕರಡು ಇದು:

"ಸೋಮವಾರ ಬೆಳಿಗ್ಗೆ 11ಕ್ಕೆ ರಸ್ತೆ ಅಗೆತದಲ್ಲಿ ನಮ್ಮ ಕೇಬಲ್ ತುಂಡಾಯಿತು. ಎರಡನೆಯ ಮುರಿತವನ್ನು ಗುರುವಾರದವರೆಗೆ ನಾವು ಪತ್ತೆ ಮಾಡಲಿಲ್ಲ. ಆ ವಿಳಂಬ ನಮ್ಮದು. ಈ ಕೇಬಲ್‌ನ ಎಲ್ಲ ಗ್ರಾಹಕರಿಗೂ, ದೂರು ದಾಖಲಿಸಿರಲಿ ಬಿಡಲಿ, ಮುಂದಿನ ಬಿಲ್ಲಿನಲ್ಲಿ ಏಳು ದಿನದ ಬಾಡಿಗೆ ಕಳೆಯುತ್ತೇವೆ. ಮರುವಾರದ ಮಂಗಳವಾರದವರೆಗೆ ಸಂಪರ್ಕ ಸರಿಯಾಗದ ಮನೆಗಳಿಗೆ ಹದಿನೈದು ದಿನದ್ದು. ಮರದ ಮೇಲಿನ ಜೋಡಣೆ ತಾತ್ಕಾಲಿಕ. ಅದನ್ನು ಕಂಬಕ್ಕೆ ವರ್ಗಾಯಿಸಿ, ಪ್ರತಿ ಮನೆಯ ಬೆಳಕಿನ ಮಟ್ಟ ಅಳೆದು ಬರೆದುಕೊಡುತ್ತೇವೆ."

ಮನೆ 5, ಝೆರಾಕ್ಸ್ ಅಂಗಡಿ:
ನನಗೆ ಹೋದ ವ್ಯಾಪಾರ 140 ರೂಪಾಯಿಯಲ್ಲಿ ಮುಗಿಯುವುದಿಲ್ಲ ಅಣ್ಣ.

ಮನೆ 8:
ಬಾಡಿಗೆಯ ನಿಯಮದಲ್ಲಿ ವ್ಯಾಪಾರದ ನಷ್ಟ ಬರುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಆ ದಿನಗಳ ಲೆಕ್ಕದ ಪುಸ್ತಕ ಬೇಕು. ಮತ್ತೊಂದು ಮಾತು: ಪತ್ರಕ್ಕೆ ಸಹಿ ಮಾಡಬೇಕಾದದ್ದು ಪರವಾನಗಿ ಇರುವ ಸಂಸ್ಥೆಯೇ, ಬೀದಿಯ ಕೇಬಲ್‌ನವರು ಸಾಲದು.

ಕೇಬಲ್ ನೋಡಿಕೊಳ್ಳುವವರು:
ಏಳು ದಿನದ್ದಕ್ಕೆ ಮೇಲಿನವರು ಒಪ್ಪುತ್ತಾರೆ. "ವಿಳಂಬ ನಮ್ಮದು" ಎಂಬ ಸಾಲಿಗೆ ಒಪ್ಪುವುದು ಅನುಮಾನ. ಜೋಡಣೆಯನ್ನು ಭಾನುವಾರ ಕಂಬಕ್ಕೆ ಹಾಕಿಸುತ್ತೇನೆ.

ಕಾರ್ಯದರ್ಶಿ, ಮನೆ 12:
ಆ ಸಾಲನ್ನು ತೆಗೆಯಲು ನಾನು ಒಪ್ಪುವುದಿಲ್ಲ. ದೂರಿನ ಸಂಖ್ಯೆ ಇರುವವರು ರಾತ್ರಿ ಎಂಟರೊಳಗೆ ಇಲ್ಲಿ ಹಾಕಿ. ಇಲ್ಲದವರು ಮನೆ ಸಂಖ್ಯೆ ಮಾತ್ರ ಬರೆಯಿರಿ.